ಫ್ಲೂ ಬಂದ್ರೆ ಎಷ್ಟು ದಿನ ಮಲಗ್ಬೇಕು? ಮಾತ್ರೆ ನಿಲ್ಲಿಸಿ, ಸಂಜೆ ತನಕ ಕಾಯಿರಿ

ಮಳೆಗಾಲದಲ್ಲಿ ಒಂದ್ಸಲ, ಜನವರಿಯಿಂದ ಮಾರ್ಚ್ ಒಳಗೆ ಇನ್ನೊಂದ್ಸಲ ನಮ್ ಕಡೆ ಫ್ಲೂ ಜಾಸ್ತಿಯಾಗುತ್ತೆ, ಆಗೆಲ್ಲ ಎರಡು ಥರದ ಜನ ಕಣ್ಣಿಗೆ ಬೀಳ್ತಾರೆ. ಬೆಳಿಗ್ಗೆ ಒಂದು ಪ್ಯಾರಾಸಿಟಮಾಲ್ 650 ನುಂಗಿ ಬಸ್ ಹತ್ತಿ ಕೆಲಸಕ್ಕೆ ಬರೋರು ಒಬ್ರು, ಜ್ವರ ಬಿಟ್ಟು ನಾಲ್ಕು ದಿನ ಆದ್ರೂ ಕಂಬಳಿ ಬಿಡದೇ ಇರೋರು ಇನ್ನೊಬ್ರು. ಇಬ್ರೂ ಲೆಕ್ಕ ತಪ್ಪಿದೋರೇ, ಆದ್ರೆ ಮೊದಲನೆಯವರ ತಪ್ಪಿಗೆ ಪಕ್ಕದ ಸೀಟಿನವರೂ ಕೆಮ್ಮಬೇಕಾಗುತ್ತೆ.

1. ಫ್ಲೂನಾ, ಬರೀ ನೆಗಡಿನಾ ನೋಡ್ಕೊಳ್ಳಿ

ನೆಗಡಿ ಮೂಗಿಂದ ಶುರುವಾಗಿ ನಿಧಾನಕ್ಕೆ ಏರುತ್ತೆ. ಫ್ಲೂ ಹಾಗಲ್ಲ, ಮಧ್ಯಾಹ್ನ ಚೆನ್ನಾಗೇ ಇದ್ದೋರಿಗೆ ಸಂಜೆ ಹೊತ್ತಿಗೆ ಚಳಿ, ಜ್ವರ, ಮೈಕೈ ನೋವು, ಒಣ ಕೆಮ್ಮು. ಕೆಮ್ಮು, ಗಂಟಲು ನೋವು ಏನೂ ಇಲ್ದೆ ಬರೀ ಜ್ವರ ಮೈನೋವು ಇದ್ರೆ ಮಳೆಗಾಲದಲ್ಲಿ ಡೆಂಗ್ಯೂ ಅನುಮಾನ ಇಟ್ಕೊಂಡು ರಕ್ತ ಪರೀಕ್ಷೆ ಮಾಡಿಸಿ, ಅಲ್ಲಿವರೆಗೂ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಮುಟ್ಬೇಡಿ. ಗರ್ಭಿಣಿಯರು, 65 ದಾಟಿದವರು, ಶುಗರ್, ಆಸ್ತಮಾ ಇರೋರು ಮೊದಲ ಎರಡು ದಿನದೊಳಗೇ ಡಾಕ್ಟರ್ ಹತ್ರ ಹೋಗ್ಬೇಕು, ಯಾಕಂದ್ರೆ ಫ್ಲೂ ವೈರಸ್ ಮಾತ್ರೆ ಒಸೆಲ್ಟಾಮಿವಿರ್ 48 ಗಂಟೆ ಒಳಗೆ ಶುರು ಮಾಡಿದ್ರೇ ಹೆಚ್ಚು ಉಪಯೋಗ. ಆಂಟಿಬಯೋಟಿಕ್ ವೈರಸ್‌ಗೆ ಏನೂ ಮಾಡಲ್ಲ, ಮೆಡಿಕಲ್ ಶಾಪ್‌ನವರೇ ಕೊಟ್ರೂ ಬೇಡ ಅನ್ನಿ.

2. ಜ್ವರ ಇರೋ ದಿನಗಳು

ಸಾಮಾನ್ಯವಾಗಿ ಮೂರ್ನಾಲ್ಕು ದಿನ. ಮಲಗಬೇಕು ಅನ್ಸಿದಷ್ಟೂ ಮಲಗಿ. ಮೈ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದ್ರೆ ದೇಹದ ಖರ್ಚು ನೂರಕ್ಕೆ ಹತ್ತರಷ್ಟು ಜಾಸ್ತಿಯಾಗುತ್ತೆ, ಹೃದಯನೂ ಜೋರಾಗಿ ಬಡಿಯುತ್ತೆ, ಸುಮ್ನೆ ಮಲಗಿದ್ರೂ ದೇಹ ದುಡೀತಾನೇ ಇರುತ್ತೆ. ಹಾಗಂತ ಊಟಕ್ಕೂ ಏಳದೇ ಬಿದ್ಕೊಂಡಿರಬೇಕಿಲ್ಲ. ಎದ್ದು ಕೂತು ಗಂಜಿ ಕುಡೀರಿ, ಬಚ್ಚಲಿಗೆ ನೀವೇ ನಡೆದು ಹೋಗಿ, ಎಚ್ಚರ ಇದ್ದಾಗ ಕಾಲು ಆಡಿಸ್ತಿರಿ. ವಯಸ್ಸಾದವರಿಗೆ ಇದು ಇನ್ನೂ ಮುಖ್ಯ, ಕೆಲವೇ ದಿನ ಹಾಸಿಗೇಲೇ ಇದ್ರೆ ತೊಡೆಯ ಶಕ್ತಿ ಹೋಗಿ ಆಮೇಲೆ ಏಳೋದೇ ಕಷ್ಟ ಆಗುತ್ತೆ. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬೇರೆ ಬೇರೆ ಕಾಯಿಲೆಗಳ 39 ಪ್ರಯೋಗಗಳನ್ನ ಒಟ್ಟಿಗಿಟ್ಟು ನೋಡಿದ್ರು, ಪೂರ್ತಿ ಹಾಸಿಗೆ ಹಿಡಿಯೋದರಿಂದ ಹೇಳ್ಕೊಳ್ಳೋ ಲಾಭ ಎಲ್ಲೂ ಕಾಣಲಿಲ್ಲ.

ಕುಡಿಯೋದಕ್ಕೆ ನೀರು, ಗಂಜಿ, ತಿಳಿಸಾರು, ಮಜ್ಜಿಗೆ ಸಾಕು. ಅಂಗಡಿ ಡಬ್ಬಿಯ ಸಿಹಿ ‘ಎನರ್ಜಿ’ ಡ್ರಿಂಕಿಗೆ ದುಡ್ಡು ದಂಡ, ಅದ್ರಲ್ಲಿರೋದು ಸಕ್ಕರೆ. ಇನ್ನೊಂದು, ನೆಗಡಿಗೆ ಅಂತ ಸಿಗೋ ಎಷ್ಟೋ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಒಳಗೇ ಸೇರಿರುತ್ತೆ, ಅದರ ಜೊತೆ 650 ಬೇರೆ ನುಂಗಿದ್ರೆ ಡಬಲ್ ಡೋಸ್ ಆಗಿ ಲಿವರ್‌ಗೆ ಪೆಟ್ಟು, ಹಿಂದಿನ ಸಣ್ಣ ಅಕ್ಷರ ಓದಿ ನುಂಗಿ.

3. ಜ್ವರ ನಿಜವಾಗ್ಲೂ ಬಿಡ್ತಾ ಅಂತ ನೋಡೋದು

ಎಲ್ರೂ ಎಡವೋದು ಇಲ್ಲೇ. ನಿಯಮ ಕೇಳೋಕೆ ಸುಲಭ: ಜ್ವರದ ಮಾತ್ರೆ ಇಲ್ದೆ 24 ಗಂಟೆ ಜ್ವರ ಬರದೇ ಇರ್ಬೇಕು, ಒಟ್ಟಾರೆ ಮೈಯೂ ಹಗುರಾಗ್ತಿರಬೇಕು. ಆದ್ರೆ ಜನ ಬೆಳಿಗ್ಗೆ ಎದ್ದು ಹಣೆ ಮುಟ್ಟಿ ನೋಡಿ ‘ಬಿಡ್ತು’ ಅಂತಾರೆ. ಬೆಳಿಗ್ಗೆ ಎಲ್ಲರ ಮೈಯೂ ಸ್ವಲ್ಪ ತಣ್ಣಗೇ ಇರುತ್ತೆ, ಸಂಜೆ ಹೊತ್ತಿಗೆ ತಾನಾಗೇ ಏರುತ್ತೆ, ಹಾಗಾಗಿ ಬೆಳಗಿನ ಲೆಕ್ಕಕ್ಕೆ ಬೆಲೆ ಕಮ್ಮಿ, ಸಂಜೇದೇ ನಿಜವಾದ ಪರೀಕ್ಷೆ.

ನಮ್ಮ ಪರಿಚಯದವರ ಕಥೆ ನೋಡಿ. ಅಂಗಡಿ ಲೆಕ್ಕ ಬರೆಯೋ ಕೆಲಸ. ಸೋಮವಾರ ಸಂಜೆ 102 ಜ್ವರ, ಮಂಗಳವಾರ ಬುಧವಾರ ಮಲಗಿದ್ರು. ಗುರುವಾರ ಬೆಳಿಗ್ಗೆ ಆರಕ್ಕೆ ಮಾತ್ರೆ ನುಂಗಿ, ಒಂಬತ್ತಕ್ಕೆ ಮೈ ತಣ್ಣಗಾಗಿದೆ ಅಂತ ಅಂಗಡಿಗೆ ಹೋದ್ರು. ಮಾತ್ರೆ ಕೆಲಸ ಮಾಡೋದು ನಾಲ್ಕರಿಂದ ಆರು ಗಂಟೆ ಅಷ್ಟೇ, ಮಧ್ಯಾಹ್ನ ಹನ್ನೆರಡೂವರೆಗೆ ಬಿಲ್ ಬರೆಯೋ ಕೈ ನಡುಗೋಕೆ ಶುರು, ಥರ್ಮಾಮೀಟರ್ 101.4. ಜ್ವರ ‘ವಾಪಸ್ ಬಂದಿದ್ದು’ ಅಲ್ಲ ಇದು, ಹೋಗೇ ಇರಲಿಲ್ಲ, ಮಾತ್ರೆ ಮುಚ್ಚಿಟ್ಟಿತ್ತು.

ಮನೆಗೆ ಕಳಿಸಿದ ಮೇಲೆ ಸರಿಯಾಗಿ ಲೆಕ್ಕ ಇಟ್ವಿ. ಗುರುವಾರ ರಾತ್ರಿ ಹತ್ತಕ್ಕೆ ಕೊನೇ ಮಾತ್ರೆ. ಅದರ ಆರು ಗಂಟೆ ಬಿಟ್ಟು ಶುಕ್ರವಾರ ಬೆಳಗಿನ ಜಾವ ನಾಲ್ಕರಿಂದ ಎಣಿಕೆ. ಈ ಆರು ಗಂಟೆ ಬಿಡೋದು ನನ್ನ ಹಠ, ಆದ್ರೆ ಬಿಟ್ಟೇ ಎಣಿಸಿ. ಶುಕ್ರವಾರ ಬೆಳಿಗ್ಗೆ 98.2, ಮಧ್ಯಾಹ್ನ 98.8, ಸಂಜೆ ಏಳಕ್ಕೆ 99.1, ಮಾತ್ರೆ ಇಲ್ಲ. ಶನಿವಾರ ಬೆಳಿಗ್ಗೆಗೆ 24 ಗಂಟೆ ಮುಗೀತು. ಶುಕ್ರವಾರ ಸಂಜೆ 100 ಮುಟ್ಟಿದ್ರೆ ಲೆಕ್ಕ ಮತ್ತೆ ಸೊನ್ನೆಯಿಂದ.

ನೋಡೋದೂ ಸರಿಯಾಗಿ ನೋಡ್ಬೇಕು. ಬಿಸಿ ಕಾಫಿ, ಕಷಾಯ ಕುಡಿದು ಇಪ್ಪತ್ತು ನಿಮಿಷ ಆದ್ಮೇಲೆ ನಾಲಗೆ ಕೆಳಗಿಟ್ಟು, ಬಾಯಿ ಮುಚ್ಕೊಂಡು, ಬೀಪ್ ಅನ್ನೋವರೆಗೂ ಕಾಯಿರಿ. ಕಂಕುಳಲ್ಲಿಟ್ರೆ ಹೆಚ್ಚುಕಮ್ಮಿ ಒಂದು ಡಿಗ್ರಿ ಫ್ಯಾರನ್‌ಹೀಟ್ ಕಮ್ಮಿ ತೋರಿಸುತ್ತೆ, ಅಲ್ಲಿ 99 ಬಂದ್ರೂ ಜ್ವರ ಅಂತಲೇ ಇಟ್ಕೊಳ್ಳಿ. ಹಣೆಗೆ ಹಿಡಿಯೋ ಗನ್ ಥರ್ಮಾಮೀಟರನ್ನ ನಾನಂತೂ ನಂಬಲ್ಲ, ಫ್ಯಾನ್ ಕೆಳಗೊಂದು ಬಿಸಿಲಲ್ಲೊಂದು ಹೇಳುತ್ತೆ.

ಹಾಗಾದ್ರೆ ಕೆಲಸ ಮಾಡಿದ್ರೆ ಕಾಯಿಲೆ ಲಂಬಿಸುತ್ತಾ?

ಕುರ್ಚಿ ಮೇಲೆ ಕೂತು ಮಾಡೋ ಕೆಲಸದಿಂದ ವೈರಸ್ ಮೈಯಲ್ಲಿ ಹೆಚ್ಚು ದಿನ ಉಳಿಯುತ್ತೆ ಅಂತ ಗಟ್ಟಿ ಪುರಾವೆ ಇಲ್ಲ. ನೆಗಡಿ ವೈರಸ್ ಹಾಕಿಸ್ಕೊಂಡ ಯುವಕರಿಗೆ ಅಮೆರಿಕಾದಲ್ಲಿ ಹದವಾದ ವ್ಯಾಯಾಮ ಮಾಡಿಸಿ ನೋಡಿದ್ದಾರೆ, ನೆಗಡಿ ಉದ್ದಾನೂ ಆಗಲಿಲ್ಲ, ಜೋರೂ ಆಗಲಿಲ್ಲ. ಆದ್ರೆ ಅದು ನೆಗಡಿ, ಜ್ವರ ಇರೋ ಫ್ಲೂ ಅಲ್ಲ. ಇಲಿಗಳನ್ನ ಸುಸ್ತಾಗೋವರೆಗೂ ಓಡಿಸಿ ಆಮೇಲೆ ಫ್ಲೂ ಕೊಟ್ಟಾಗ ಸಾವು ಜಾಸ್ತಿ ಆಯ್ತು. ಮನುಷ್ಯರಲ್ಲಿ ಭಯ ಹೃದಯದ್ದು: ಕೆನಡಾದ ಒಂಟಾರಿಯೋದಲ್ಲಿ 2018ರಲ್ಲಿ ಬಂದ ಅಧ್ಯಯನದ ಪ್ರಕಾರ ಫ್ಲೂ ಖಚಿತವಾದ ಮೊದಲ ಏಳು ದಿನ ಹಾರ್ಟ್ ಅಟ್ಯಾಕ್ ಸಾಧ್ಯತೆ ಸುಮಾರು ಆರು ಪಟ್ಟು. ಹಾಗಾಗಿ ಮೂಟೆ ಹೊರೋರು, ಗಾರೆ ಕೆಲಸದವರು, ಜಿಮ್‌ನವರು ಜ್ವರದ ಮೇಲೆ ಮೈ ದಂಡಿಸೋದು ಬೇಡವೇ ಬೇಡ. ಲ್ಯಾಪ್‌ಟಾಪ್ ಮುಂದೆ ಕೂತು ನಾಲ್ಕು ಮೇಲ್ ಕಳಿಸಿದ್ರೆ ಕಾಯಿಲೆ ಉದ್ದ ಆಗಲ್ಲ, ತಪ್ಪು ಮೇಲ್ ಹೋಗಬಹುದು ಅಷ್ಟೇ. ಆದ್ರೆ ಅದನ್ನ ಮನೆಯಿಂದ ಕಳಿಸಿ, ಲಕ್ಷಣ ಶುರುವಾದ ಮೊದಲ ಮೂರ್ನಾಲ್ಕು ದಿನವೇ ನೀವು ಜಾಸ್ತಿ ಹರಡೋದು.

4. ವಾಪಸ್ ಕೆಲಸಕ್ಕೆ

24 ಗಂಟೆ ಪಾಸಾದ್ರೆ ಹಾಸಿಗೆ ಮಡಚಿಡಿ. ಮೊದಲ ದಿನ ಮನೇಲೇ ಓಡಾಡಿ, ಒಂದು ಮಹಡಿ ಮೆಟ್ಟಿಲು ಹತ್ತಿ ನೋಡಿ. ಕೂತಾಗಿನ ನಾಡಿ ನಿಮ್ಮ ಮಾಮೂಲಿಗಿಂತ ನಿಮಿಷಕ್ಕೆ ಹತ್ತು ಜಾಸ್ತಿ ಇದ್ರೆ ಇನ್ನೊಂದು ದಿನ ತಡೀರಿ. ನಮ್ಮ ಲೆಕ್ಕದವರು ಸೋಮವಾರ ಮಾಸ್ಕ್ ಹಾಕ್ಕೊಂಡು ಅರ್ಧ ದಿನ, ಮಂಗಳವಾರ ಪೂರ್ತಿ ದಿನ ಹೋದ್ರು. ಕೆಮ್ಮು, ಸುಸ್ತು ಎರಡು ವಾರ ಎಳೆಯುತ್ತೆ, ಅದಕ್ಕೆ ಮಲಗಿರೋದು ಮದ್ದಲ್ಲ. ಜಿಮ್, ಕ್ರಿಕೆಟ್‌ಗೆ ಮಾತ್ರ ಇನ್ನೊಂದು ವಾರ ಬಿಟ್ಟು ನಿಧಾನಕ್ಕೆ ಹೋಗಿ.

ಜ್ವರ ಬಿಟ್ಟು ಎರಡು ದಿನ ಚೆನ್ನಾಗಿದ್ದು ಮತ್ತೆ ಜೋರು ಜ್ವರ, ಕಫ ಬಂದ್ರೆ ಅದು ‘ಕೆಲಸಕ್ಕೆ ಹೋಗಿದ್ದಕ್ಕೆ ಮರುಕಳಿಸಿತು’ ಅಂತ ಮನೇಲಿ ಜಗಳ ಆಡೋ ವಿಷಯ ಅಲ್ಲ, ನ್ಯುಮೋನಿಯಾ ಇರಬಹುದು, ಅವತ್ತೇ ಡಾಕ್ಟರ್ ಹತ್ರ ಹೋಗಿ. ಉಸಿರು ಕಟ್ಟಿದ್ರೆ, ಎದೆ ನೋವಿದ್ರೆ, ಮಾತು ತಡವರಿಸಿದ್ರೆ ಓಪಿಡಿ ಟೈಮ್ ನೋಡ್ತಾ ಕೂರಬೇಡಿ, ನೇರ ಎಮರ್ಜೆನ್ಸಿಗೆ.