ಹುಡುಗಿ ಹೇಳಿದ್ದೋ, ನಮ್ಮ ಫಾರಮ್ಮು ಹೇಳಿದ್ದೋ?

ಚಾಮರಾಜಪೇಟೆಯ ಒಂದು ಸಣ್ಣ ಟ್ರಸ್ಟ್‌ನಲ್ಲಿ ನನಗೆ ಕೆಲಸ. ಡಿಗ್ರಿ ಓದುವ ಮಕ್ಕಳಿಂದ ವಿದ್ಯಾರ್ಥಿವೇತನದ ಅರ್ಜಿಗಳು ಬರುತ್ತವೆ, ನಾಲ್ಕು ಪುಟದ ಫಾರಂ. ಕಮಿಟಿಯವರು ಅಷ್ಟನ್ನೂ ಓದುವುದಿಲ್ಲ. ಒಂದೊಂದು ಅರ್ಜಿಗೂ ಐದಾರು ಸಾಲಿನ ಸಾರಾಂಶ ಬರೆದು ಮೇಲೆ ಪಿನ್ ಮಾಡಿಡುವುದು ನನ್ನ ಪಾಲಿಗೆ ಬಂತು.

ಮೊದಲ ವರ್ಷ ಒಂದು ಅರ್ಜಿಗೆ ಹೀಗೆ ಬರೆದಿದ್ದೆ: "ಕುಟುಂಬದ ಆದಾಯ 2,50,000 ರೂಪಾಯಿಯೊಳಗೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ ಪ್ರತಿ ಲಗತ್ತಿಸಿದ್ದಾರೆ. ಮಾಹಿತಿ ಸುಳ್ಳಾದರೆ ಹಣ ವಾಪಸ್ ಕೊಡಲು ಒಪ್ಪಿದ್ದಾರೆ." ಕಮಿಟಿಯಲ್ಲಿ ರಿಟೈರ್ಡ್ ಮೇಷ್ಟ್ರು ಒಬ್ಬರಿದ್ದಾರೆ. ಚೀಟಿ ಓದಿ, ಫಾರಂ ತಿರುವಿ ನೋಡಿ ಕೇಳಿದರು: "ಏನಮ್ಮಾ, ಈ ಎರಡೂವರೆ ಲಕ್ಷ ಹೇಳಿದ್ದು ಹುಡುಗೀನಾ, ನಮ್ಮ ಫಾರಮ್ಮಾ?"

ನೋಡಿದರೆ ಎಲ್ಲವೂ ನಮ್ಮದೇ ಅಚ್ಚಿನ ಮಾತು! ಎರಡೂವರೆ ಲಕ್ಷ ಅನ್ನುವುದು ಆದಾಯದ ಅಂಕಣದ ಕೆಳಗೆ ಸಣ್ಣಕ್ಷರದಲ್ಲಿ ಅಚ್ಚಾಗಿದ್ದ ಮಿತಿ. ಅವಳು ಬರೆದಿದ್ದು ಬರೀ 12,000. ದಾಖಲೆಗಳ ಪಟ್ಟಿಯಲ್ಲಿ ಮೂರರ ಪೈಕಿ ಎರಡಕ್ಕೆ ಮಾತ್ರ ಟಿಕ್ ಹಾಕಿದ್ದಳು, ಪಾಸ್‌ಬುಕ್ ಇರಲೇ ಇಲ್ಲ. ಇನ್ನು ಘೋಷಣೆ ಅಂತೂ ಅಚ್ಚಾದ ಪ್ಯಾರಾ, ಕೆಳಗೆ ಸಹಿಯ ಜಾಗ ಖಾಲಿ. ಸಹಿ ಇಲ್ಲದ ಮೇಲೆ ಅವಳು ಏನನ್ನು ಒಪ್ಪಿಕೊಂಡ ಹಾಗಾಯ್ತು? ಅಚ್ಚಿನ ಅಕ್ಷರ ನೀಟಾಗಿ, ಪೂರ್ತಿ ವಾಕ್ಯದಲ್ಲಿರುತ್ತೆ, ಪೆನ್ನಿನ ಬರಹ ಎರಡು ಪದ. ಬೇಗ ಬೇಗ ಓದುವಾಗ ಕೈಗೆ ಸಿಗುವುದು ಅಚ್ಚಿನದ್ದೇ.

ಆಮೇಲೆ ಒಂದು ಖಾಲಿ ಫಾರಂ ತಗೊಂಡು ಕೂತೆ. ಅರ್ಜಿದಾರರು ಎಲ್ಲೆಲ್ಲಿ ಪೆನ್ ಇಡಬಹುದೋ ಅಲ್ಲೆಲ್ಲ ಹಳದಿ ಹೈಲೈಟರ್ ಎಳೆದೆ. ಗೆರೆ, ಚೌಕ, ಸಹಿಯ ಜಾಗ ಎಲ್ಲ. "ಕಚೇರಿ ಉಪಯೋಗಕ್ಕೆ" ಅನ್ನುವ ಭಾಗ ಬಿಟ್ಟೆ, ಅಲ್ಲಿ ಬರೆಯುವವರು ನಾವು. ಈಗಲೂ ಆ ಹಳದಿ ಫಾರಂ ಎಡಗಡೆ, ತುಂಬಿದ ಅರ್ಜಿ ಬಲಗಡೆ ಇಟ್ಟುಕೊಳ್ಳುತ್ತೇನೆ. ಎಡದಲ್ಲಿ ಇರುವ ಪದ ಬಲದಲ್ಲೂ ಇದ್ದರೆ ಅದು ಅರ್ಜಿದಾರರ ಮಾತಲ್ಲ. ನೀಲಿ ಶಾಯಿ ನೋಡಿದರೆ ಸಾಕಲ್ವಾ ಅಂತ ಅನಿಸಬಹುದು, ಆದರೆ ನಮಗೆ ಅರ್ಧಕ್ಕರ್ಧ ಜೆರಾಕ್ಸ್ ಬರುತ್ತವೆ, ಅದರಲ್ಲಿ ಎಲ್ಲವೂ ಕಪ್ಪೇ.

ಹಾಗಂತ ಅಚ್ಚಿನದ್ದನ್ನು ಓದದೇ ಇರೋಕಾಗಲ್ಲ. ಎರಡನೇ ಪುಟದಲ್ಲಿ "ಹೌದು / ಇಲ್ಲ, ಅನ್ವಯಿಸದ್ದನ್ನು ಹೊಡೆದು ಹಾಕಿ" ಅಂತಿದೆ, ಪ್ರಶ್ನೆ ಬೇರೆ ಕಡೆಯಿಂದ ವಿದ್ಯಾರ್ಥಿವೇತನ ಬರುತ್ತಿದೆಯೇ ಎಂಬುದು. ಹುಡುಗಿ "ಹೌದು" ಮೇಲೆ ಗೆರೆ ಎಳೆದಿದ್ದಾಳೆ. ಸೂಚನೆ ಓದದವರಿಗೆ ಅದು ಹೌದು ಎಂದು ಗುರುತು ಹಾಕಿದ ಹಾಗೆ ಕಾಣುತ್ತೆ, ಅರ್ಥ ಪೂರ್ತಿ ಉಲ್ಟಾ. ಸಾರಾಂಶದಲ್ಲಿ ಮಾತ್ರ "ಬೇರೆ ವಿದ್ಯಾರ್ಥಿವೇತನ ಇಲ್ಲ ಎಂದಿದ್ದಾರೆ" ಅಷ್ಟೇ. ಹೊಡೆದು ಹಾಕುವ ಸೂಚನೆ ಕಮಿಟಿಗೆ ಬೇಡ. ಯಾರಾದರೂ ಗೆರೆ ಎಳೆಯದೆ ಒಂದಕ್ಕೆ ಸುತ್ತು ಹಾಕಿದ್ದರೆ ನಾನು ಊಹೆ ಮಾಡಲ್ಲ, "'ಹೌದು'ಗೆ ಸುತ್ತು ಹಾಕಿದ್ದಾರೆ" ಅಂತ ಕಂಡದ್ದನ್ನೇ ಬರೆಯುತ್ತೇನೆ.

ಖಾಲಿ ಬಿಟ್ಟಿದ್ದನ್ನೂ "ಇಲ್ಲ" ಅಂತ ಬರೆದದ್ದನ್ನೂ ಒಂದೇ ಮಾಡಬಾರದು. ಖಾಲಿ ಇದ್ದರೆ "ತುಂಬಿಲ್ಲ" ಅಂತಲೇ.

ಹಳದಿ ಫಾರಂ ಕೈಕೊಡುವ ಜಾಗ ಒಂದಿದೆ. ಜನ ಚೌಕದೊಳಗೇ ಬರೆಯುತ್ತಾರೆ ಅಂತೇನಿಲ್ಲ. ಇದೇ ಅರ್ಜಿಯಲ್ಲಿ ತಂದೆಯ ಹೆಸರಿನ ಪಕ್ಕ, ಅಂಚಿನಲ್ಲಿ, ಸಣ್ಣಗೆ "ಲೇಟ್" ಅಂತಿತ್ತು. ಹಳದಿ ಬಿದ್ದ ಕಡೆ ಮಾತ್ರ ನೋಡಿದ್ದರೆ ಅದು ತಪ್ಪಿಹೋಗುತ್ತಿತ್ತು, ಕಮಿಟಿಗೆ ಬೇಕಾಗಿದ್ದೇ ಅದು. ಅದಕ್ಕೇ ಕೊನೆಗೆ ಒಂದ್ಸಲ ಅಂಚು, ಹಿಂಬದಿ ಎಲ್ಲ ತಿರುವಿ ನೋಡುತ್ತೇನೆ.

ಮೇಷ್ಟ್ರು ಬೈದ ಮೇಲೆ ಬರೆದದ್ದು ಇದು: "ಬಿ.ಕಾಂ. ಎರಡನೇ ವರ್ಷ. ತಂದೆಯ ಹೆಸರಿನ ಪಕ್ಕ 'ಲೇಟ್' ಎಂದಿದೆ. ತಾಯಿ ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸ. ವಾರ್ಷಿಕ ಆದಾಯದ ಅಂಕಣದಲ್ಲಿ 12,000 ಎಂದು ಬರೆದಿದ್ದಾರೆ. ಬೇರೆ ವಿದ್ಯಾರ್ಥಿವೇತನ ಇಲ್ಲ ಎಂದಿದ್ದಾರೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರಕ್ಕೆ ಟಿಕ್ ಇದೆ, ಎರಡೂ ಜೊತೆಗಿವೆ. ಪಾಸ್‌ಬುಕ್‌ಗೆ ಟಿಕ್ ಇಲ್ಲ, ಪ್ರತಿಯೂ ಇಲ್ಲ. ಸಹಿ ಮಾಡಿಲ್ಲ."

ವರ್ಷಕ್ಕೆ 12,000 ಅಂದರೆ ಯಾರಿಗಾದರೂ ಅನುಮಾನ ಬರುತ್ತೆ, ಅದು ತಿಂಗಳ ಸಂಬಳವೇ ಇರಬೇಕು. ಆದರೂ ನಾನೇ ಗುಣಿಸಿ 1,44,000 ಅಂತ ಹಾಕಲಿಲ್ಲ. ಫೋನ್ ಮಾಡಿದೆ. "ಅಯ್ಯೋ ಮೇಡಂ, ಅಮ್ಮನ ತಿಂಗಳ ಸಂಬಳ ಅದು" ಅಂದಳು. ಸಾರಾಂಶದ ಸಾಲು ಹಾಗೇ ಬಿಟ್ಟು, ಕೆಳಗೆ ತಾರೀಖು ಹಾಕಿ "ಫೋನಿನಲ್ಲಿ ತಿಳಿಸಿದ್ದು: ಇದು ತಿಂಗಳ ಸಂಬಳ" ಅಂತ ಸೇರಿಸಿದೆ. ಸಹಿ ಮಾಡೋಕೆ ಬರುವಾಗ ಪಾಸ್‌ಬುಕ್ ಜೆರಾಕ್ಸೂ ತಗೊಂಡು ಬಾಮ್ಮ ಅಂತ ಹೇಳಿದೆ.