ಕಂಬದ ಹಿಂದೆ ಬೆಂಚು ಕೂರಿಸಿದ್ದು: ಡೆಪ್ತ್ ಕಂಟ್ರೋಲ್‌ನೆಟ್ ಜೊತೆ ನನ್ನ ಅನುಭವ

ತೊಟ್ಟಿಮನೆ ಜಗಲಿಯ ಫೋಟೋ, ಅದರಲ್ಲಿ ಕಂಬದ ಹಿಂದೆ ಐದಡಿ ಉದ್ದದ ಮರದ ಬೆಂಚು ಬೇಕು. ಬೆಂಚನ್ನು ಟೆಂಪೋದಲ್ಲಿ ಸಾಗಿಸಿ, ಫೋಟೋಗ್ರಾಫರ್ ಕರೆಸಿ ತೆಗೆಸಿದರೆ ಸುಮಾರು ಹನ್ನೆರಡು ಸಾವಿರ. ಚಿತ್ರ ಬಿಡಿಸುವ ಎಐಗೆ ಆಕಾರದ ಕಡಿವಾಣ ಹಾಕುವ ಕಂಟ್ರೋಲ್‌ನೆಟ್‌ನಲ್ಲಿ ಮಾಡುತ್ತೇನೆ ಎಂದಾಗ, "ಕಂಬದ ಹಿಂದೆ ಕೂರೋದಿಲ್ಲ, ಮುಂದೆ ಬಂದು ನಿಲ್ಲುತ್ತೆ" ಎಂದವರೇ ಹೆಚ್ಚು. ಈಗ ಕೂತಿದೆ. ಬಾಡಿಗೆ ಜಿಪಿಯುಗೆ ಆದ ಖರ್ಚು ಮುನ್ನೂರು ರೂಪಾಯಿ ದಾಟಲಿಲ್ಲ, ಅದರಲ್ಲೂ ಮುಕ್ಕಾಲು ಭಾಗ ಕೆಳಗೆ ಹೇಳುವ ತಪ್ಪು ದಾರಿಗಳಿಗೇ ಹೋಯಿತು.

ಬರೀ ಮಾಸ್ಕ್ ಹಾಕಿ ಪ್ರಾಂಪ್ಟ್ ಕೊಟ್ಟರೆ ಬೆಂಚು ಬರುತ್ತದೆ, ಆದರೆ ಕ್ಯಾಮೆರಾ ಕೋನ ಬೇರೆಯದು. ಖಾಲಿ ಜಗಲಿಯ ಡೆಪ್ತ್ ಮ್ಯಾಪ್, ಅಂದರೆ ದೂರವನ್ನು ಕಪ್ಪು-ಬಿಳುಪಿನಲ್ಲಿ ತೋರಿಸುವ ಚಿತ್ರ, ಕೊಟ್ಟರೆ ಬೆಂಚೇ ಬರುವುದಿಲ್ಲ, ಏಕೆಂದರೆ ಆ ಮ್ಯಾಪ್ "ಇಲ್ಲಿ ನೆಲ ಮಾತ್ರ ಇದೆ" ಎನ್ನುತ್ತದೆ. ಹಾಗಾಗಿ ಮ್ಯಾಪಿನೊಳಗೆ ಬೆಂಚನ್ನು ನಾವೇ ಇಡಬೇಕು. fSpy ನಲ್ಲಿ ಜಗಲಿಯ ಅಂಚು ಮತ್ತು ಗೋಡೆಯ ಗೆರೆ ಹಿಡಿದು ಕ್ಯಾಮೆರಾ ಹೊಂದಿಸಿದೆ. ಕಂಬದ ಬುಡದ ಅಗಲವನ್ನು ಟೇಪಿನಲ್ಲಿ ಅಳೆಸಿಕೊಂಡು ಅಳತೆ ಕೂರಿಸಿದೆ. ಆಮೇಲೆ ಬ್ಲೆಂಡರ್‌ನಲ್ಲಿ ಹಲಗೆ, ಕಾಲುಗಳಷ್ಟೇ ಇರುವ ಒರಟು ಬೆಂಚು ಸಾಕು. ಕೆತ್ತನೆ ಬೇಡ.

ಎಲ್ಲರೂ ಎಡವುವುದು ಇಲ್ಲಿಂದ ಮುಂದೆ. ಬ್ಲೆಂಡರ್ ಕೊಡುವುದು ಮೀಟರ್ ಲೆಕ್ಕದ ದೂರ. ಫೋಟೋ ನೋಡಿ ದೂರ ಊಹಿಸುವ ಮೈಡಾಸ್ ಥರದ ಅಂದಾಜುಗಾರ ಕೊಡುವುದು ದೂರದ ವಿಲೋಮ, ಹತ್ತಿರದ್ದು ಬಿಳಿ, ದೂರದ್ದು ಕಪ್ಪು. ಬರೀ ಇನ್ವರ್ಟ್ ಮಾಡಿ ಅಂಟಿಸಿದರೆ ಹೊಂದುವುದಿಲ್ಲ. ನೆಲದ ಮೇಲೆ ದೂರ ಗೊತ್ತಿರುವ ಎರಡು ಜಾಗ ಬೇಕು. ನನ್ನ ಮ್ಯಾಪಿನಲ್ಲಿ ಬಿಳುಪಿನ ಬೆಲೆ 2 ಮೀಟರ್ ಜಾಗದಲ್ಲಿ ಸುಮಾರು 180, 4 ಮೀಟರ್ ಜಾಗದಲ್ಲಿ 105 ಇತ್ತು. ವಿಲೋಮ 0.5 ಮತ್ತು 0.25. ಬೆಲೆ = a × ವಿಲೋಮ + b ಎಂದಿಟ್ಟರೆ a = 300, b = 30. ಕೆಳಗೆ z ಎಂದರೆ ಬ್ಲೆಂಡರ್ ಕೊಟ್ಟ ದೂರ, scene ಎಂದರೆ ಖಾಲಿ ಜಗಲಿಯ ಮ್ಯಾಪ್.

```python
obj = a / z + b
obj[z > 1000] = 0
out = np.maximum(scene, obj)
```

ಬೆಂಚು 3 ಮೀಟರಿನಲ್ಲಿದೆ, ಬೆಲೆ 130. ವಿಲೋಮ ಬಿಟ್ಟು ದೂರಕ್ಕೇ ನೇರ ಗೆರೆ ಎಳೆದಿದ್ದರೆ 142 ಬರುತ್ತಿತ್ತು, ಅಂದರೆ ಬೆಂಚು ಒಂದಡಿ ಮುಂದೆ ಬಂದ ಹಾಗೆ. ಆಗಲೇ ಕಾಲುಗಳು ನೆಲ ಮುಟ್ಟದೆ ತೇಲುವುದು. ಕಂಬ 2.4 ಮೀಟರಿನಲ್ಲಿ, ಬೆಲೆ 155. ದೊಡ್ಡ ಬೆಲೆಯೇ ಉಳಿಯುವುದರಿಂದ ಕಂಬ ತಾನಾಗಿ ಮುಂದೆ ನಿಂತಿತು. ಎರಡನೇ ಸಾಲು ಬಿಟ್ಟರೆ ಖಾಲಿ ಹಿನ್ನೆಲೆಗೂ 30 ತುಂಬಿ, ದೂರದ ಕತ್ತಲ ಭಾಗ ಚಪ್ಪಟೆಯಾಗುತ್ತದೆ. ಡೆಪ್ತನ್ನು EXR ನಲ್ಲೇ ತೆಗೆಯಿರಿ. PNG ಗೆ ಹೋದರೆ Filmic ಅಥವಾ AgX ಬೆಲೆಗಳನ್ನು ಬಾಗಿಸಿಬಿಡುತ್ತದೆ.

ನೆಲ ಹೊಳೆಯುವ ರೆಡ್ ಆಕ್ಸೈಡ್. ಅದರಲ್ಲಿನ ಪ್ರತಿಬಿಂಬವನ್ನು ಅಂದಾಜುಗಾರ ಹಳ್ಳ ಅಂದುಕೊಳ್ಳುತ್ತದೆ. ನೆಲದ ಉದ್ದಕ್ಕೂ ನಾಲ್ಕಾರು ಕಡೆ ಬೆಲೆ ನೋಡಿ. ಹತ್ತಿರದಿಂದ ದೂರಕ್ಕೆ ಒಂದೇ ಸಮನೆ ಇಳಿಯದಿದ್ದರೆ ಆ ತುಂಡನ್ನು ಗ್ರೇಡಿಯಂಟ್‌ನಿಂದ ಮುಚ್ಚಬೇಕು.

ಮುಂದಿನದು ಗೊತ್ತಿರುವ ಕೆಲಸ. `control_v11f1p_sd15_depth`, ತೂಕ 0.9ರ ಆಸುಪಾಸು, ಮುಕ್ತಾಯ 0.7. `Preprocessor` ಕಡ್ಡಾಯವಾಗಿ `none`. ಇಲ್ಲದಿದ್ದರೆ ನಮ್ಮ ಮ್ಯಾಪಿಗೇ ಮತ್ತೊಮ್ಮೆ ಡೆಪ್ತ್ ತೆಗೆದು ಕೆಡಿಸುತ್ತದೆ. ಕಂಬವನ್ನು ಮಾಸ್ಕಿನಿಂದ ಹೊರಗಿಟ್ಟೆ. ಬೆಂಚಿನ ಕೆಳಗೆ ನೆರಳು, ಪ್ರತಿಬಿಂಬ ಬೀಳುವ ನೆಲವನ್ನು ಒಳಗೆ ಸೇರಿಸಿದೆ. ಮಾಸ್ಕ್ ಬೆಂಚಿಗೆ ಅಂಟಿಕೊಂಡಿದ್ದರೆ ನೆರಳು ಬೀಳಲು ಜಾಗವೇ ಇರುವುದಿಲ್ಲ. ಬೆಳಕು ಯಾವ ಕಡೆಯಿಂದ ಎಂಬುದು ಡೆಪ್ತಿನಲ್ಲಿ ಇಲ್ಲ, ಅದಕ್ಕೆ ಮೂಲ ಚಿತ್ರದಲ್ಲೇ ಕಂದು ಬೆಂಚು ಮತ್ತು ಒರಟು ನೆರಳು ಬಳಿದು, ಡಿನಾಯ್ಸ್ 0.6ಕ್ಕೆ ಇಟ್ಟೆ. ನೆರಳಿನ ಬಣ್ಣ ಎಲ್ಲಿಂದ ಎತ್ತುತ್ತೇನೆ ಎಂಬುದು ನನ್ನ ಹತ್ತಿರವೇ ಇರಲಿ, ಹೊಟ್ಟೆಪಾಡು ಅದರಲ್ಲೇ ಇದೆ. ಕೊನೆಗೆ ಮಾಸ್ಕಿನ ಹೊರಗೆ ಮೂಲ ಫೋಟೋವನ್ನೇ ಮತ್ತೆ ಅಂಟಿಸಿ. ವಿಎಇ ದಾಟಿ ಬಂದ ಹೆಂಚುಗಳ ಗೆರೆ ಕಲಸಿಹೋಗಿರುತ್ತದೆ.

ಅದೇ ಜಗಲಿಯಲ್ಲಿ ತೂಗುಮಣೆಯನ್ನೂ ಪ್ರಯತ್ನಿಸಿದೆ. ಮಣೆ ಸರಿಯಾಗಿ ಬಂತು, ಸರಪಳಿ ಬರಲಿಲ್ಲ. ಒಂದು ಲೇಟೆಂಟ್ ಚೌಕಕ್ಕೆ ಎಂಟು ಪಿಕ್ಸೆಲ್, ಸರಪಳಿ ಇದ್ದದ್ದು ಮೂರೇ ಪಿಕ್ಸೆಲ್. `Only masked` ಹಾಕಿ ಆ ಭಾಗವನ್ನಷ್ಟೇ 768ಕ್ಕೆ ಹಿಗ್ಗಿಸಿ, ಎರಡನೇ ಯೂನಿಟ್‌ನಲ್ಲಿ ಕ್ಯಾನಿ ಗೆರೆಗಳನ್ನು 0.4 ತೂಕಕ್ಕೆ ಕೊಟ್ಟ ಮೇಲೆ ಸರಪಳಿ ನಿಂತಿತು. ಕ್ಯಾನಿಯಲ್ಲಿ ಮಣೆಯ ಹಿಂದೆ ಹಾಯುವ ಗೋಡೆಯ ಗೆರೆಗಳನ್ನು ಕೈಯಿಂದ ಅಳಿಸಬೇಕು, ಉಳಿದರೆ ಮರದ ಮೇಲೆ ಬಿರುಕಾಗಿ ಮೂಡುತ್ತವೆ. ಕೊಂಡಿ ಕೊಂಡಿ ಎಣಿಸಿದಂತೆ ಮಾತ್ರ ಇನ್ನೂ ಬಂದಿಲ್ಲ. ಅಂಥ ಕೆಲಸಕ್ಕೆ ಸರಪಳಿಯನ್ನು ಬ್ಲೆಂಡರ್‌ನಲ್ಲೇ ರೆಂಡರ್ ಮಾಡಿ ಮೇಲೆ ಹಾಕುತ್ತೇನೆ.