ತಾತಂದಿರ ಫೋನ್ ಮುಟ್ಟದೆ ಲೈಫ್ ಸರ್ಟಿಫಿಕೇಟ್ ಮಾಡಿಸಿದ್ದು

ಎನ್‌ಎಸ್‌ಎಸ್‌ಗೆ ಸೇರಿದವರು ವರ್ಷಕ್ಕೆ 120 ಗಂಟೆ ಸೇವೆಯ ಲೆಕ್ಕ ತೋರಿಸಬೇಕು. ನಮ್ಮ ಕಾಲೇಜಿನಲ್ಲಿ ಹಿರಿಯರಿಗೆ ಮೊಬೈಲ್ ಕಲಿಸುವುದೆಂದರೆ ಒಂದು ಸಭಾಂಗಣ, ಒಂದು ಬ್ಯಾನರು, ಕೊನೆಗೆ ಗುಂಪು ಫೋಟೊ. ಯುಪಿಐ, ಡಿಜಿಲಾಕರ್, ವಿಡಿಯೊ ಕಾಲ್ ಎಲ್ಲವನ್ನೂ ಒಂದೇ ಮಧ್ಯಾಹ್ನ ಹೇಳಿ ಮುಗಿಸುತ್ತಾರೆ. ಬಿ.ಕಾಂ. ಎರಡನೇ ವರ್ಷದಲ್ಲಿ ನಮ್ಮ ತಂಡದ ಸರದಿ ಬಂದಾಗ ನಾವು ಒಂದೇ ಕೆಲಸ ಹಿಡಿದೆವು: ಬೀದಿಯ ಪಿಂಚಣಿದಾರರು ತಮ್ಮ ಲೈಫ್ ಸರ್ಟಿಫಿಕೇಟನ್ನು ತಮ್ಮದೇ ಫೋನಿನಲ್ಲಿ ತಾವೇ ಸಲ್ಲಿಸಬೇಕು.

ನಮ್ಮೂರು ಭದ್ರಾವತಿ. ಕಬ್ಬಿಣದ ಕಾರ್ಖಾನೆಯಲ್ಲೋ ಪೇಪರ್ ಮಿಲ್ಲಿನಲ್ಲೋ ದುಡಿದು ನಿವೃತ್ತರಾದವರು ಇಲ್ಲಿ ಮನೆಗೊಬ್ಬರು ಸಿಗುತ್ತಾರೆ. ಹೆಚ್ಚಿನವರಿಗೆ ಬರುವುದು ಪಿಎಫ್ ಕಚೇರಿಯ ಇಪಿಎಸ್-95 ಪಿಂಚಣಿ. ಅದರ ಕನಿಷ್ಠ ಮೊತ್ತ 2014ರಿಂದ ತಿಂಗಳಿಗೆ 1,000 ರೂಪಾಯಿ. ಬದುಕಿದ್ದೇವೆ ಎಂದು ವರ್ಷಕ್ಕೊಮ್ಮೆ ತೋರಿಸಲು ಆಟೊ ಹಿಡಿದು ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಲ್ಲುವುದು ಆ ಮೊತ್ತಕ್ಕೆ ಸಣ್ಣ ಖರ್ಚೇನಲ್ಲ. ಬೆರಳಚ್ಚಿನ ಯಂತ್ರದ ತೊಂದರೆ ಬೇರೆ. ವರ್ಷಗಟ್ಟಲೆ ಕುಲುಮೆಯ ಹತ್ತಿರ ದುಡಿದ ಕೈಗಳಲ್ಲಿ ಗೆರೆಗಳೇ ಸವೆದುಹೋಗಿರುತ್ತವೆ. ಮುಖ ತೋರಿಸಿ ಪ್ರಮಾಣ ಪತ್ರ ಪಡೆಯುವ ವ್ಯವಸ್ಥೆ 2021ರಲ್ಲಿ ಬಂದಿದೆ, ದುಡ್ಡು ಕೊಡಬೇಕಿಲ್ಲ, ಮನೆಯಲ್ಲೇ ಆಗುತ್ತದೆ. ಆದರೂ ನಮ್ಮ ಬೀದಿಯಲ್ಲಿ ಅದನ್ನು ತಾವಾಗಿ ಮಾಡಿಕೊಂಡವರು ಕಾಣಲಿಲ್ಲ.

ಯೋಜನೆ ಬರೆಯುವಾಗ ನಮ್ಮ ದೊಡ್ಡಪ್ಪ, ಅವರೂ ಕಾರ್ಖಾನೆಯವರೇ, ಒಂದು ಮಾತು ಹೇಳಿದರು: "ನಾಲ್ಕು ಹುಡುಗರು ಬಾಗಿಲಿಗೆ ಬಂದು ಆಧಾರ್ ಕೊಡಿ, ಪಿಪಿಒ ನಂಬರ್ ಕೊಡಿ, ಓಟಿಪಿ ಹೇಳಿ ಅಂದ್ರೆ, ಕಳ್ಳರು ಇನ್ನೇನು ಕೇಳ್ತಾರೆ?" ಪಿಪಿಒ ಎಂದರೆ ಪಿಂಚಣಿ ಪಾವತಿಯ ಆದೇಶ ಪತ್ರ. ಪಿಂಚಣಿ ನಿಂತುಹೋಗುತ್ತದೆ ಎಂದು ಹೆದರಿಸಿ, ಲೈಫ್ ಸರ್ಟಿಫಿಕೇಟ್ ನಾವೇ ಮಾಡಿಕೊಡುತ್ತೇವೆ ಎಂದು ಓಟಿಪಿ ಕಿತ್ತುಕೊಳ್ಳುವ ಕರೆಗಳು ನಿಜವಾಗಿಯೂ ಬರುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಫೈಲ್, ಅಂದರೆ ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಆ್ಯಪ್ ಹಾಕಿಸುವ ಫೈಲ್, ಕಳಿಸುವವರೂ ಇದ್ದಾರೆ. ನಾವು ಒಳ್ಳೆಯ ಮನಸ್ಸಿನಿಂದಲೇ ಕೇಳಿದರೂ, ಕೇಳಿದವರಿಗೆ ನಂಬರ್ ಹೇಳುವ ಅಭ್ಯಾಸವನ್ನು ಅವರಿಗೆ ಮಾಡಿಸಿದಂತೆಯೇ. ಮುಂದಿನ ಸಲ ಕೇಳುವವನು ನಮ್ಮ ಕಾಲೇಜಿನವನಾಗಿರುವುದಿಲ್ಲ.

ಹಾಗಾಗಿ ನಾಲ್ಕು ಕಟ್ಟುಪಾಡು ಹಾಕಿಕೊಂಡೆವು. ಅವರ ಫೋನನ್ನು ನಾವು ಕೈಗೆ ತೆಗೆದುಕೊಳ್ಳಬಾರದು. ನಮ್ಮ ಫೋನಿನಲ್ಲಿ ಯಾರದ್ದನ್ನೂ ಮಾಡಬಾರದು. ಆಧಾರ್, ಪಿಪಿಒ, ಖಾತೆ ನಂಬರ್ ಯಾವುದನ್ನೂ ಬರೆದುಕೊಳ್ಳಬಾರದು, ಫೋಟೊ ತೆಗೆಯಬಾರದು. ಪರಿಚಯದವರೊಬ್ಬರು ಜೊತೆಗಿಲ್ಲದೆ ಯಾರ ಮನೆಗೂ ಹೋಗಬಾರದು. ವರದಿಗೆ ಹೆಸರು, ನಂಬರ್ ಇರುವ ಪಟ್ಟಿ ಬೇಡವೇ ಎಂದು ಕಾರ್ಯಕ್ರಮಾಧಿಕಾರಿ ಕೇಳಿದರು. ಎಷ್ಟು ಮನೆ, ಎಷ್ಟು ಆಯಿತು, ಎಷ್ಟು ಆಗಲಿಲ್ಲ ಎಂಬ ಲೆಕ್ಕ ಸಾಕು ಎಂದು ಒಪ್ಪಿಸಿದೆವು.

ಫೋನ್ ಮುಟ್ಟದೆ ಕಲಿಸುವುದು ಕಷ್ಟ. ಸುಮ್ಮನೆ ಕಸಿದುಕೊಂಡು ಮಾಡಿಕೊಟ್ಟರೆ ಐದು ನಿಮಿಷದ ಕೆಲಸ, ಕೈ ತುರಿಸುತ್ತದೆ. ಅದಕ್ಕೆ ಕೈಯಲ್ಲಿ ಒಂದು ಪೆನ್ಸಿಲ್ ಹಿಡಿದು, ಎಲ್ಲಿ ಒತ್ತಬೇಕೋ ಅದನ್ನು ದೂರದಿಂದ ತೋರಿಸುತ್ತಿದ್ದೆವು. ನಾವು ನೋಡಿದ ಪರದೆಗಳು ಇಂಗ್ಲಿಷಿನಲ್ಲಿದ್ದವು. ಅದಕ್ಕಾಗಿ ಪ್ರತಿ ಪರದೆಯ ಚಿತ್ರ ಬರೆದು, ಯಾವ ಗುಂಡಿಯ ಅರ್ಥ ಏನು, ಅಲ್ಲಿ ಏನು ತುಂಬಬೇಕು ಎಂದು ದಪ್ಪ ಅಕ್ಷರದ ಕನ್ನಡದಲ್ಲಿ ಒಂದು ಹಾಳೆ ತಯಾರಿಸಿ ಮನೆಗೊಂದು ನಕಲು ಕೊಟ್ಟೆವು. ನಂಬರ್ ತುಂಬುವ ಜಾಗಗಳನ್ನು ಹಾಳೆಯಲ್ಲಿ ಖಾಲಿಯಾಗಿಯೇ ಬಿಟ್ಟಿದ್ದೆವು.

ಮೊದಲ ಮನೆ ದೊಡ್ಡಪ್ಪನ ಜೊತೆ ಕೆಲಸ ಮಾಡಿದ ತಾತನದ್ದು. ಆ್ಯಪ್‌ಗಿಂತ ಮೊದಲು ಸಿಕ್ಕ ಅಡ್ಡಿ ಫೋನಿನಲ್ಲಿ ಜಾಗವೇ ಇಲ್ಲದ್ದು. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬಂದ ಶುಭೋದಯದ ದೇವರ ಚಿತ್ರ, ವಿಡಿಯೊಗಳೇ ತುಂಬಿಹೋಗಿದ್ದವು. ದೇವರ ಚಿತ್ರ ಅಳಿಸಲು ತಾತನಿಗೆ ಮನಸ್ಸಿಲ್ಲ. ಒಂದೇ ಗಣಪತಿ ಹದಿನಾರು ಸಲ ಬಂದಿರುವುದನ್ನು ಅಜ್ಜಿ ತೋರಿಸಿದ ಮೇಲೆ ಒಂದನ್ನು ಉಳಿಸಿ ಮಿಕ್ಕಿದ್ದನ್ನು ತೆಗೆದರು. ಎಲ್ಲ ಮನೆಯಲ್ಲೂ ಹೆಚ್ಚು ಹೊತ್ತು ಹಿಡಿದದ್ದು ಇದೇ, ಕಲಿಸಲು ಹೋಗುವವರು ಇದಕ್ಕೆ ಸಮಯ ಇಟ್ಟುಕೊಳ್ಳಬೇಕು.

ಎರಡು ಆ್ಯಪ್ ಬೇಕು, ಎರಡನ್ನೂ ಪ್ಲೇ ಸ್ಟೋರಿನಿಂದಲೇ ಹಾಕಿಕೊಳ್ಳಬೇಕು. `AadhaarFaceRD` ಆಧಾರ್ ಪ್ರಾಧಿಕಾರದ್ದು. ಅದಕ್ಕೆ ತನ್ನದೇ ಪರದೆ ಇಲ್ಲ, ಹಿಂದಿನಿಂದ ಕೆಲಸ ಮಾಡುತ್ತದೆ. ಹಾಕಿದ್ದು ಕಾಣುತ್ತಿಲ್ಲ ಎಂದು ಮತ್ತೆ ಮತ್ತೆ ಹುಡುಕುವವರೇ ಹೆಚ್ಚು. ಇನ್ನೊಂದು `Jeevan Pramaan`, ತೆರೆಯಬೇಕಾದದ್ದು ಇದನ್ನೇ. ಮೊದಲ ಸಲ ಅದು ಆಪರೇಟರ್ ಯಾರು ಎಂದು ಕೇಳುತ್ತದೆ. ಇಲ್ಲಿ ನಮ್ಮಂಥ ಹುಡುಗರು ತಮ್ಮ ಆಧಾರ್ ಹಾಕಿಬಿಡುವುದುಂಟು. ಹಾಗೆ ಮಾಡಬೇಕಿಲ್ಲ, ಪಿಂಚಣಿದಾರರೇ ತಮ್ಮ ಫೋನಿಗೆ ಆಪರೇಟರ್ ಆಗಬಹುದು. ತಾತ ತಮ್ಮ ಆಧಾರ್ ನಂಬರನ್ನು ನಾಲ್ಕು ನಾಲ್ಕಾಗಿ ಒಡೆದು ಬಾಯಿಗೆ ತಂದುಕೊಳ್ಳುತ್ತಾ ಒತ್ತಿದರು. ಓಟಿಪಿ ಬಂತು, ನೋಡಿಕೊಂಡು ಹಾಕಿದರು. ಗಟ್ಟಿಯಾಗಿ ಓದಲು ಹೊರಟಾಗ ತಡೆದೆವು.

ಮುಖ ತೋರಿಸುವ ಹಂತದಲ್ಲಿ ಕೆಲಸ ನಿಂತಿತು. ತಾತ ಕೂತಿದ್ದು ಬಾಗಿಲಿಗೆ ಬೆನ್ನು ಹಾಕಿ, ಹಿಂದಿನ ಬೆಳಕಿಗೆ ಮುಖವೆಲ್ಲ ಕಪ್ಪು. ತಿರುಗಿ ಕೂರಿಸಿ, ಬೆಳಕು ಮುಖದ ಮೇಲೆ ಬೀಳುವಂತೆ ಮಾಡಿ, ಕನ್ನಡಕ ತೆಗೆಸಿದೆವು. ಆಗ ಕಣ್ಣು ಮಿಟುಕಿಸು ಎಂದು ಪರದೆ ಹೇಳುವುದು ಅವರಿಗೆ ಕಾಣದಾಯಿತು. ಅದಕ್ಕೆ ಅಜ್ಜಿ ಪಕ್ಕದಲ್ಲಿ ನಿಂತು "ಈಗ ಮುಚ್ಚಿ, ತೆಗೀರಿ" ಎನ್ನುವ ಕೆಲಸ ವಹಿಸಿಕೊಂಡರು. ತೋಳನ್ನು ಪೂರ್ತಿ ಚಾಚಿ ಫೋನ್ ಹಿಡಿದರೆ ಕೈ ನಡುಗುತ್ತದೆ, ಮೊಣಕೈಯನ್ನು ಮೇಜಿಗೆ ಊರಿದರೆ ನಿಲ್ಲುತ್ತದೆ. ಇಷ್ಟು ಸರಿಹೋದ ಮೇಲೆ ಮುಖ ಒಪ್ಪಿಗೆಯಾಯಿತು. ಆಪರೇಟರ್ ಆಗಿ ಒಮ್ಮೆ, ಪಿಂಚಣಿದಾರರಾಗಿ ಇನ್ನೊಮ್ಮೆ ಮುಖ ತೋರಿಸಬೇಕು. ಅದನ್ನು ಮೊದಲೇ ಹೇಳದಿದ್ದರೆ ಮೊದಲನೆಯದಕ್ಕೇ ಮುಗಿಯಿತೆಂದು ಎದ್ದುಬಿಡುತ್ತಾರೆ.

ಬೆಳಕೂ ಸರಿ, ಕೈಯೂ ಗಟ್ಟಿ, ಆದರೂ ಒಪ್ಪದ ಮುಖಗಳಿದ್ದವು. ಹತ್ತು ವರ್ಷದ ಹಿಂದೆ ಆಧಾರ್‌ಗೆ ತೆಗೆಸಿದ ಫೋಟೊಗೂ ಕಾಯಿಲೆಯಲ್ಲಿ ಇಳಿದುಹೋದ ಈಗಿನ ಮುಖಕ್ಕೂ ಹೊಂದಿಕೆಯಾಗುವುದಿಲ್ಲ. ಇನ್ನಷ್ಟು ಸಲ ಪ್ರಯತ್ನಿಸುವುದರಿಂದ ಪ್ರಯೋಜನವಿಲ್ಲ, ಆಧಾರ್ ಕೇಂದ್ರಕ್ಕೆ ಹೋಗಿ ಫೋಟೊ ಹೊಸದು ಮಾಡಿಸಬೇಕು, ಇಲ್ಲವೇ ಹಳೆಯ ದಾರಿಯಲ್ಲಿ ಬ್ಯಾಂಕಿಗೇ ಹೋಗಬೇಕು. ಸಂಧ್ಯಾ ಸುರಕ್ಷಾ ಪಡೆಯುವ ಕೆಲವು ಅಜ್ಜಿಯರೂ ಆಸೆಯಿಂದ ಬಂದಿದ್ದರು. ಅವರ ಪಿಂಚಣಿ ಆ್ಯಪಿನ ಪಟ್ಟಿಯಲ್ಲಿ ಕಾಣಲಿಲ್ಲ, ನಾಡಕಚೇರಿಯಲ್ಲಿ ವಿಚಾರಿಸಿ ಎಂದು ಹೇಳಿದೆವು.

ಎರಡು ಮುಖ ತೋರಿಕೆಗಳ ನಡುವೆ ವಿವರ ತುಂಬುವ ಪರದೆ ಇದೆ. ಕೆಲಸ ಕೆಡುವುದು ಸದ್ದಿಲ್ಲದೆ ಇಲ್ಲಿ. ನಮ್ಮ ಹಿಂದಿನ ಬೀದಿಯ ಅಜ್ಜಿಯೊಬ್ಬರ ಪಿಂಚಣಿ ಹಿಂದಿನ ವರ್ಷ ನಿಂತಿತ್ತು. ಅಂಗಡಿಯೊಂದರಲ್ಲಿ ಮಾಡಿಸಿದ್ದೆ, ಮೆಸೇಜೂ ಬಂದಿತ್ತು ಎಂದರು. ಆ ಕಾಗದ ತರಿಸಿ ನೋಡಿದರೆ ಪಿಂಚಣಿಯ ಬಗೆ ಎಂಬಲ್ಲಿ `Family` ಬದಲು `Service` ಎಂದಿತ್ತು. ಅವರದ್ದು ಗಂಡ ತೀರಿಕೊಂಡ ಮೇಲೆ ಬರುವ ಕುಟುಂಬ ಪಿಂಚಣಿ. ಪ್ರಮಾಣ ಪತ್ರ ಸೃಷ್ಟಿಯಾಯಿತು ಎಂದರೆ ಪಿಂಚಣಿ ಕೊಡುವ ಕಚೇರಿ ಒಪ್ಪಿತು ಎಂದಲ್ಲ. ಪಿಪಿಒ ನಂಬರ್, ಪಿಂಚಣಿಯ ಬಗೆ, ಮಂಜೂರು ಮಾಡಿದ ಕಚೇರಿ, ಕೊಡುವ ಕಚೇರಿ, ಖಾತೆ ನಂಬರ್ ಇವುಗಳಲ್ಲಿ ಒಂದು ತಪ್ಪಿದರೂ ಅಲ್ಲಿ ತಿರಸ್ಕಾರವಾಗಬಹುದು. ಆಮೇಲೆ ಸರಿಯಾದ ವಿವರ ಹಾಕಿ ಹೊಸದಾಗಿಯೇ ಮಾಡಬೇಕು. ಹಾಗಾಗಿ ಪಾಸ್‌ಬುಕ್ಕು, ಪಿಪಿಒ ಕಾಗದ ಎರಡನ್ನೂ ಮೇಜಿನ ಮೇಲೆ ಇಡದೆ ಆ್ಯಪ್ ತೆರೆಯಬಾರದು ಎಂದು ಹಾಳೆಯ ಮೊದಲ ಸಾಲಿನಲ್ಲೇ ಬರೆದೆವು. ಇಪಿಎಸ್‌ನವರು ಎರಡು ಕಚೇರಿಯ ಜಾಗದಲ್ಲೂ ಪಿಎಫ್ ಕಚೇರಿಯನ್ನೇ ಆರಿಸಬೇಕು, ಹಣ ಬೀಳುವುದು ಬ್ಯಾಂಕಿಗೆ ಎಂದು ಬ್ಯಾಂಕ್ ಆರಿಸಿದರೆ ತಪ್ಪು.

ಅದೇ ಪರದೆಯಲ್ಲಿ ಮರುಮದುವೆ ಆಗಿದ್ದೀರಾ ಎಂಬ ಪ್ರಶ್ನೆಯೂ ಇದೆ. ಎಪ್ಪತ್ತು ದಾಟಿದ ಆ ಅಜ್ಜಿಗೆ ಅದನ್ನು ಓದಿ ಹೇಳುವ ಧೈರ್ಯ ನಮ್ಮ ಹುಡುಗರಿಗೆ ಬರಲಿಲ್ಲ, ನಾನೇ ಹೇಳಿದೆ. "ಈಗ ಗಂಡು ಹುಡುಕೋಕೂ ಈ ಆ್ಯಪಿನಲ್ಲೇ ಆಗತ್ತೇನವ್ವಾ?" ಎಂದು ನಕ್ಕು, ತಾವೇ `No` ಒತ್ತಿದರು.

ಮುಗಿದ ಮೇಲೆ ಪ್ರಮಾಣ್ ಐಡಿ ಬರುತ್ತದೆ, ಮೆಸೇಜಿನಲ್ಲೂ ಬರುತ್ತದೆ. ಅದನ್ನು ಅಳಿಸದೆ ಇಟ್ಟುಕೊಳ್ಳುವುದು, ಅದೇ ಐಡಿಯಿಂದ `jeevanpramaan.gov.in`ನಲ್ಲಿ ಪತ್ರ ತೆಗೆಯುವುದು, ಇವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಂಡೆವು. ಅಂದು ಹೋದಾಗ ನಾವು ಹೇಳಿಕೊಡಲಿಲ್ಲ, ಮೆಸೇಜ್ ಹುಡುಕಿ ತೋರಿಸಿ ಎಂದಷ್ಟೇ ಕೇಳಿದೆವು. ತೋರಿಸಿದವರು ಕಲಿತವರು, ಮಿಕ್ಕವರ ಮನೆಗೆ ಮತ್ತೆ ಹೋಗಬೇಕಾಯಿತು. ವರದಿಯಲ್ಲಿ ಸಲ್ಲಿಕೆಯ ಲೆಕ್ಕಕ್ಕಿಂತ ಈ ಲೆಕ್ಕಕ್ಕೇ ಹೆಚ್ಚು ಜಾಗ ಕೊಟ್ಟೆವು, ಅದು ಅಷ್ಟೇನೂ ಚೆಂದವಾಗಿರಲಿಲ್ಲ.

ಮೋಸದ ಕರೆಯ ಬಗ್ಗೆ ಭಾಷಣ ಮಾಡಲಿಲ್ಲ. ನಾವೇ ಗುಟ್ಟಾಗಿ ಸುಳ್ಳು ಕರೆ ಮಾಡಿ ಪರೀಕ್ಷಿಸೋಣ ಎಂದು ತಂಡದಲ್ಲೊಬ್ಬ ಹೇಳಿದ್ದ. ವಯಸ್ಸಾದವರನ್ನು ಹೆದರಿಸಿ ಪಾಠ ಮಾಡುವುದು ನನಗೆ ಸರಿಕಾಣಲಿಲ್ಲ. ಬದಲಿಗೆ ಇಬ್ಬರು ತಾತಂದಿರನ್ನು ಕೂರಿಸಿ ಒಬ್ಬರು ಕಳ್ಳ, ಒಬ್ಬರು ಪಿಂಚಣಿದಾರ ಎಂದು ಆಡಿಸಿದೆವು. ಕಳ್ಳನ ಪಾತ್ರಕ್ಕೆ ಪೈಪೋಟಿ ನಡೆಯಿತು. "ಸಂಜೆ ಐದರೊಳಗೆ ಮಾಡದಿದ್ರೆ ಪಿಂಚಣಿ ಬಂದ್" ಎಂಬ ಮಾತನ್ನು ಯಾರೂ ಹೇಳಿಕೊಡದೆ ಅವರೇ ಕಟ್ಟಿದರು. ಆಟದ ನಡುವೆ ಒಂದೇ ಒಂದು ಪ್ರಶ್ನೆ ಕಲಿಸಿದೆವು: ಆ್ಯಪಿಗೆ ನಾನು ಹೋದೆನೋ, ಅವರು ನನ್ನ ಬಳಿ ಬಂದರೋ? ತಾನೇ ಆ್ಯಪ್ ತೆರೆದು ಒತ್ತಿದ್ದಕ್ಕೆ ಬಂದ ಓಟಿಪಿಯನ್ನು ಆ ಪರದೆಯಲ್ಲೇ ಹಾಕಬಹುದು. ಕರೆಯಲ್ಲಿ ಕೇಳಿದ್ದು, ಲಿಂಕ್‌ನಲ್ಲಿ ಬಂದದ್ದು ಏನಿದ್ದರೂ ಬೇಡ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ. ಆ ನಂಬರನ್ನು ಹೆಸರು ಹಾಕಿ ಫೋನಿನಲ್ಲಿ ಸೇವ್ ಮಾಡಿಸಿದೆವು.

ದಿನಾಂಕದ ವಿಷಯ ಇನ್ನೂ ಪೂರ್ತಿ ಬಗೆಹರಿದಿಲ್ಲ. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ ನವೆಂಬರ್ ತಿಂಗಳು, 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶ. ಇಪಿಎಸ್‌ನವರು ಯಾವಾಗ ಬೇಕಾದರೂ ಸಲ್ಲಿಸಬಹುದು, ಅಂದಿನಿಂದ ಒಂದು ವರ್ಷ ನಡೆಯುತ್ತದೆ. ಹೀಗೆ ಒಂದೇ ಬೀದಿಯಲ್ಲಿ ಮನೆಗೊಂದು ಗಡುವು. ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯೋಣವೆಂದರೆ ಅದು ಡಿಸೆಂಬರಿಗೆ ಮುಗಿದುಹೋಗುತ್ತದೆ. ಸದ್ಯಕ್ಕೆ ಮುಂದಿನ ಗಡುವನ್ನು ಡಿಸೆಂಬರ್ ಹಾಳೆಯ ಕೆಳಗೆ ಕೆಂಪು ಪೆನ್ನಿನಲ್ಲಿ ಬರೆಸಿದ್ದೇವೆ. ಹೊಸ ಕ್ಯಾಲೆಂಡರ್ ತೂಗುಹಾಕುವಾಗ ನೋಡಿ ಎತ್ತಿ ಬರೆದುಕೊಳ್ಳಬೇಕು ಎಂದು ಮನೆಯ ಸೊಸೆಯಂದಿರಿಗೂ ಹೇಳಿದ್ದೇವೆ.